ಪೋಸ್ಟರಿನ ಫೋಟೋ ಕೈಯಲ್ಲಿದೆ, ಜೊತೆಗೆ ಏನು ಬರೆಯಬೇಕು? ನಾಲ್ಕು ದಾರಿಗಳ ಹೋಲಿಕೆ

ದೀಪಾವಳಿ ದಾಟಿತು ಅಂದರೆ ಉತ್ತರ ಕನ್ನಡದಲ್ಲಿ ಆಟದ ಪೋಸ್ಟರ್‌ಗಳ ಕಾಲ. ಬಸ್ ಸ್ಟ್ಯಾಂಡಿನ ಗೋಡೆ, ಸೊಸೈಟಿಯ ಬಾಗಿಲು, ಚಾ ಅಂಗಡಿಯ ಕಂಬ, ಎಲ್ಲಿ ನೋಡಿದರೂ ಯಕ್ಷಗಾನ. ಮಳೆ ಶುರುವಾಗುವವರೆಗೂ ಇದು ನಡೆಯುತ್ತದೆ. ಸಂಘದಲ್ಲಿ ಫೋನು ಚೆನ್ನಾಗಿ ಬಳಸುವ ಒಬ್ಬ ಹುಡುಗನಿಗೋ ಹುಡುಗಿಗೋ ಹಿರಿಯರು ಹೇಳುತ್ತಾರೆ, "ಇದನ್ನು ಗ್ರೂಪಿಗೆ, ಫೇಸ್‌ಬುಕ್ಕಿಗೆ ಹಾಕು ಮಾರಾಯ, ಜನ ಬರಬೇಕು." ಫೋಟೋ ತೆಗೆದಾಯಿತು. ಆಮೇಲೆ ಕೈ ನಿಲ್ಲುತ್ತದೆ. ಫೋಟೋ ಮಾತ್ರ ಹಾಕಿದರೆ ಸಾಕಾ? ಪೋಸ್ಟರಿನಲ್ಲಿದ್ದದ್ದನ್ನೆಲ್ಲ ಟೈಪ್ ಮಾಡಬೇಕಾ? ನಾಲ್ಕು ಸಾಲಿನ ಪ್ರಕಟಣೆ ಸಾಕಾ, ಅಥವಾ ಓದಿದವರು ಒಮ್ಮೆ ನಿಲ್ಲುವಂಥ ಕ್ಯಾಪ್ಷನ್ ಬೇಕಾ? ಈ ನಾಲ್ಕರಲ್ಲಿ ಯಾವುದು ಯಾವಾಗ ಅಂತ ನೋಡೋಣ.

ಮಾತು ಗಾಳಿಯಲ್ಲಿ ಹೋಗಬಾರದು ಅಂತ ಒಂದು ಪೋಸ್ಟರನ್ನು ಕಲ್ಪಿಸಿಕೊಳ್ಳೋಣ. ಊರಿಗೆ ಮೇಲಿನಕೇರಿ ಅಂತ ಹೆಸರಿಡೋಣ, ಹೊನ್ನಾವರ ತಾಲೂಕಿನಲ್ಲಿದೆ ಅಂತಿಟ್ಟುಕೊಳ್ಳೋಣ. ಪೋಸ್ಟರಿನ ತಲೆಯಲ್ಲಿ ದೇವರ ಹೆಸರು. ಅದರ ಕೆಳಗೆ ಯಕ್ಷಗಾನ ಸಂಘದ ವಾರ್ಷಿಕೋತ್ಸವ ಅಂತ ದೊಡ್ಡ ಅಕ್ಷರ. ತಾರೀಕು ೨೪-೦೧-೨೦೨೬, ಶನಿವಾರ. ಸ್ಥಳ ದೇವಸ್ಥಾನದ ಬಯಲು, ಮೇಲಿನಕೇರಿ. ಸಂಜೆ ೫ಕ್ಕೆ ಸಭಾ ಕಾರ್ಯಕ್ರಮ, ಸನ್ಮಾನ. ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, ಅವರೆಲ್ಲರ ಮುಖದ ಫೋಟೋಗಳು. ರಾತ್ರಿ ೭-೩೦ರಿಂದ ಕಾಲಮಿತಿ ಯಕ್ಷಗಾನ, ಪ್ರಸಂಗ ಕೃಷ್ಣಾರ್ಜುನ ಕಾಳಗ. ಹಿಮ್ಮೇಳದವರ ಪಟ್ಟಿ, ಮುಮ್ಮೇಳದವರ ಪಟ್ಟಿ. ಕೆಳಗೆ ಸಣ್ಣಗೆ ಪ್ರವೇಶ ಉಚಿತ, ಊಟದ ವ್ಯವಸ್ಥೆ ಇದೆ. ಇನ್ನೂ ಸಣ್ಣಗೆ ಪ್ರಾಯೋಜಕರು ಮತ್ತು ಎರಡು ಮೊಬೈಲ್ ನಂಬರ್. ನಮ್ಮ ಕಡೆಯ ಪೋಸ್ಟರ್ ನೋಡಿದವರಿಗೆ ಇದು ಹೊಸದೇನಲ್ಲ, ಅಲ್ವಾ?

ಯಾವುದರಿಂದ ಅಳೆಯಬೇಕು

ನಾಲ್ಕು ದಾರಿಗಳನ್ನೂ ನಾನು ಮೂರು ಪ್ರಶ್ನೆಗಳಿಂದ ಅಳೆಯುತ್ತೇನೆ.

ಮೊದಲನೆಯದು, ಓದಿದವರು ಹೋಗಬೇಕೋ ಬೇಡವೋ ಅಂತ ತೀರ್ಮಾನ ಮಾಡಬಲ್ಲರೇ? ಅದಕ್ಕೆ ಬೇಕಾದ್ದು ಆರು ಸಂಗತಿ: ಏನು, ಯಾವ ದಿನ, ಆಟ ಶುರುವಾಗುವುದು ಎಷ್ಟಕ್ಕೆ, ಎಲ್ಲಿ, ದುಡ್ಡು ಬೇಕೋ ಬೇಡವೋ, ಮತ್ತು ಭಾಗವತರು ಯಾರು. ಕೊನೆಯದನ್ನು ಸುಮ್ನೆ ಸೇರಿಸಿಲ್ಲ. ಬಡಗುತಿಟ್ಟಿನ ಅಭಿಮಾನಿಗೆ ಪೋಸ್ಟರ್ ತೋರಿಸಿದರೆ ಮೊದಲು ಕೇಳುವುದೇ "ಪದ್ಯಕ್ಕೆ ಯಾರು?" ಅಂತ.

ಎರಡನೆಯದು, ಫೋಟೋದಿಂದ ಬೇರೆಯಾದರೂ ಬರಹ ನಿಲ್ಲುತ್ತದೆಯೇ? ವಾಟ್ಸಾಪಿನಲ್ಲಿ ಫೋಟೋ ಒಂದು ಕಡೆ ಹೋಗುತ್ತದೆ, ಬರಹ ಇನ್ನೊಂದು ಕಡೆ. ಯಾರೋ ಚಿತ್ರ ಡೌನ್‌ಲೋಡ್ ಮಾಡಿ ಸ್ಟೇಟಸ್ಸಿಗೆ ಹಾಕುತ್ತಾರೆ. ಇನ್ಯಾರೋ ಬರಹವನ್ನಷ್ಟೇ ಕಾಪಿ ಮಾಡಿ ಮಗಳಿಗೆ ಕಳಿಸುತ್ತಾರೆ. ಕಣ್ಣು ಕಾಣದವರ ಫೋನು ಬರಹವನ್ನು ಓದಿ ಹೇಳುತ್ತದೆ, ಪೋಸ್ಟರಿನ ಚಿತ್ರದಲ್ಲಿರುವ ಅಕ್ಷರವನ್ನು ಹಾಗೆ ನಂಬಿಕೊಳ್ಳಲು ಆಗುವುದಿಲ್ಲ.

ಮೂರನೆಯದು, ತಪ್ಪಾಗುವ ಸಂಭವ ಎಷ್ಟು, ತಪ್ಪಾದರೆ ತಿದ್ದುವುದು ಎಷ್ಟು ಸುಲಭ? ಹೆಚ್ಚು ಬರೆದಷ್ಟೂ ಹೆಚ್ಚು ತಪ್ಪು. ಇಲ್ಲಿ ಖರ್ಚಾಗುವುದು ದುಡ್ಡಿಗಿಂತ ಸಮಯ ಮತ್ತು ಊರಿನವರ ಮನಸ್ಸು.

ಬರೆಯುವ ಮೊದಲು ಫೋಟೋ ಓದಿ

ಯಾವ ದಾರಿ ಹಿಡಿದರೂ ಈ ಕೆಲಸ ತಪ್ಪುವುದಿಲ್ಲ. ಪೋಸ್ಟರಿನ ಫೋಟೋ ಓದುವುದು ಅಂದುಕೊಂಡಷ್ಟು ಸುಲಭ ಅಲ್ಲ.

ಕನ್ನಡ ಅಂಕಿಯಿಂದ ಶುರು ಮಾಡಿ. ೬ ಮತ್ತು ೯ ಮಸುಕಾದ ಫೋಟೋದಲ್ಲಿ ಒಂದೇ ಥರ ಕಾಣುತ್ತವೆ. ಬಿಸಿಲು ಹೊಡೆದ ಫ್ಲೆಕ್ಸಿನ ಮೇಲೆ ಇನ್ನೂ ಕಷ್ಟ. ರಾತ್ರಿ ೬-೩೦ ಅಂತ ಯಾರೂ ಬರೆಯುವುದಿಲ್ಲ, ೯-೩೦ ಇರಬಹುದು ಅಂತ ಊಹೆ ಮಾಡಬಹುದು. ಆದರೆ ಸಂಜೆ ೬ಕ್ಕೇ ಕಾಲಮಿತಿ ಆಟ ಶುರು ಮಾಡುವವರೂ ಇದ್ದಾರೆ. ಹಾಗಾಗಿ ಊಹೆ ಬೇಡ, ಹತ್ತಿರ ಹೋಗಿ ಇನ್ನೊಂದು ಫೋಟೋ ತೆಗೆಯಿರಿ. ಒಂದು ಪೂರ್ತಿ ಪೋಸ್ಟರಿನದ್ದು, ಒಂದು ತಾರೀಕು ಮತ್ತು ಸಮಯದ್ದು, ಒಂದು ಕಲಾವಿದರ ಪಟ್ಟಿಯದ್ದು. ನೇರ ಎದುರು ನಿಂತು ತೆಗೆಯಬೇಕು. ಫ್ಲ್ಯಾಶ್ ಹಾಕಿದರೆ ಫ್ಲೆಕ್ಸಿನ ನಡುವೆ ಬಿಳಿ ಮಚ್ಚೆ ಬೀಳುತ್ತದೆ, ಸರಿಯಾಗಿ ಸಮಯ ಬರೆದ ಜಾಗದಲ್ಲೇ.

ಆಮೇಲೆ ತಾರೀಕನ್ನೂ ವಾರವನ್ನೂ ಕ್ಯಾಲೆಂಡರಿನಲ್ಲಿ ತಾಳೆ ನೋಡಿ. 2026ರ ಜನವರಿ 24 ಶನಿವಾರವೇ, ಸರಿ ಇದೆ. ಕಳೆದ ವರ್ಷದ ಡಿಸೈನಿನಲ್ಲಿ ತಾರೀಕು ಮಾತ್ರ ಬದಲಿಸಿ ವಾರ ಬಿಟ್ಟುಬಿಡುವುದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಆಗಾಗ ಆಗುವ ಸಂಗತಿ. ತಾಳೆಯಾಗದಿದ್ದರೆ ಯಾವುದು ಸರಿ ಅಂತ ನೀವೇ ತೀರ್ಮಾನಿಸಬೇಡಿ. ಪೋಸ್ಟರಿನ ಕೆಳಗಿನ ನಂಬರಿಗೆ ಒಂದು ಫೋನ್ ಮಾಡಿ. ರಾತ್ರಿ 12 ದಾಟಿ ನಡೆಯುವ ಇಡೀ ರಾತ್ರಿಯ ಆಟವಾದರೆ ಇನ್ನೊಂದು ತೊಡಕಿದೆ. ಶನಿವಾರ ರಾತ್ರಿ ಶುರುವಾಗಿ ಭಾನುವಾರ ಬೆಳಗ್ಗೆ ಮುಗಿಯುತ್ತದೆ. 'ಶನಿವಾರ ರಾತ್ರಿ' ಅಂತಲೇ ಬರೆಯಬೇಕು. ಸುಮ್ಮನೆ 'ಶನಿವಾರ' ಅಂದರೆ ಸಾಲದು.

ಹೆಸರುಗಳ ವಿಷಯಕ್ಕೆ ಬಂದರೆ, ನಮ್ಮ ಜಿಲ್ಲೆಯಲ್ಲಿ ಒಂದು ಅಕ್ಷರ ಎಷ್ಟು ದೊಡ್ಡದು ಅಂತ ಗೊತ್ತಲ್ಲ. ನಾಯ್ಕ ಬೇರೆ, ನಾಯಕ ಬೇರೆ. ಇಲ್ಲಿಯವರು ಹೆಗಡೆ ಅಂತ ಬರೆದುಕೊಂಡರೆ ದಕ್ಷಿಣದ ಕಡೆ ಹೆಗ್ಡೆ. ಭಟ್ ಅಂತ ಬರೆಯುವವರಿಗೆ ಭಟ್ಟ ಅಂತ ಹಾಕಿದರೆ ಅವರು ಏನೂ ಹೇಳಲಿಕ್ಕಿಲ್ಲ, ಅವರ ಮನೆಯವರು ಹೇಳುತ್ತಾರೆ. ಪೋಸ್ಟರಿನಲ್ಲಿ ಹೇಗಿದೆಯೋ ಹಾಗೇ, ಊರಿನ ಹೆಸರೂ ಸೇರಿ. ಹೆಸರಿನ ಹಿಂದೆಯೋ ಮುಂದೆಯೋ ಊರು ಇಲ್ಲದಿದ್ದರೆ ಒಂದೇ ಹೆಸರಿನ ಇಬ್ಬರು ಕಲಾವಿದರಲ್ಲಿ ಯಾರು ಅಂತ ಗೊತ್ತಾಗುವುದಿಲ್ಲ.

ಫೋನಿನಲ್ಲಿ ಫೋಟೋದಿಂದಲೇ ಅಕ್ಷರ ಕಾಪಿ ಮಾಡುವ ಸೌಲಭ್ಯ ಬಂದಿದೆ. ಕನ್ನಡವನ್ನೂ ಓದುತ್ತದೆ. ಉದ್ದದ ಪ್ಯಾರಾಕ್ಕೆ ಒಳ್ಳೆಯದು. ಆದರೆ ಆಟದ ಪೋಸ್ಟರಿನಲ್ಲಿ ಹಿಮ್ಮೇಳ ಎಡಕ್ಕೆ, ಮುಮ್ಮೇಳ ಬಲಕ್ಕೆ ಅಕ್ಕಪಕ್ಕ ಇರುತ್ತದೆ. ಅದು ಅಡ್ಡಡ್ಡ ಓದಿಕೊಂಡು ಹೋದರೆ ಮದ್ದಳೆಯವರ ಹೆಸರು ವೇಷದವರ ಪಟ್ಟಿಗೆ ಬರುತ್ತದೆ. ಒತ್ತಕ್ಷರಗಳೂ ಹಾರಿಹೋಗುತ್ತವೆ. ಅಲಂಕಾರದ ಅಕ್ಷರದಲ್ಲಿ ಬರೆದ ಪ್ರಸಂಗದ ಹೆಸರಂತೂ ಏನೇನೋ ಆಗುತ್ತದೆ. ಬಳಸಿ, ಆದರೆ ಸಾಲು ಸಾಲಾಗಿ ಪೋಸ್ಟರಿನ ಜೊತೆ ಇಟ್ಟು ನೋಡಿ.

ಇನ್ನೊಂದು, ಇದನ್ನು ಬಹಳ ಜನ ಗಮನಿಸುವುದಿಲ್ಲ. ಪೋಸ್ಟರಿನಲ್ಲಿ 'ಯಕ್ಷಗಾನ' ಅಂತಿದೆಯೋ, 'ಯಕ್ಷಗಾನ ತಾಳಮದ್ದಳೆ' ಅಂತಿದೆಯೋ ನೋಡಿ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿಗಳು ಕುಳಿತು ಮಾತಾಡುತ್ತಾರೆ. ಪೋಸ್ಟರ್ ಮಾಡಿದವರು ಚಂದಕ್ಕೆ ಅಂತ ಕಿರೀಟ ಕಟ್ಟಿದ ವೇಷದ ಚಿತ್ರ ಹಾಕಿರುತ್ತಾರೆ. ನೀವು ಆ ಚಿತ್ರ ನೋಡಿ 'ಯಕ್ಷಗಾನ ಇದೆ ಬನ್ನಿ' ಅಂತ ಬರೆದರೆ, ಮಕ್ಕಳನ್ನು ಕರೆದುಕೊಂಡು ವೇಷ ನೋಡಲು ಬಂದವರು ಅರ್ಧ ಗಂಟೆಗೆ ಎದ್ದು ಹೋಗುತ್ತಾರೆ. ಮಾತಿನ ರುಚಿ ಇರುವವರು ವಿಷಯ ಗೊತ್ತಾಗದೆ ಮನೆಯಲ್ಲೇ ಉಳಿಯುತ್ತಾರೆ.

ಫೋಟೋ ಮಾತ್ರ

ಎಲ್ಲಕ್ಕಿಂತ ಸುಲಭದ ದಾರಿ. ಫೋಟೋ, ಕೆಳಗೆ 'ಸರ್ವರಿಗೂ ಆದರದ ಸ್ವಾಗತ', ಒಂದು ಕೈಮುಗಿಯುವ ಚಿಹ್ನೆ. ತಪ್ಪಾಗುವ ಸಂಭವ ಇಲ್ಲವೇ ಇಲ್ಲ, ಯಾಕೆಂದರೆ ನೀವು ಏನೂ ಬರೆದಿಲ್ಲ.

ಊರಿನದ್ದೇ ಗ್ರೂಪಿಗೆ ಇದು ಸಾಕು. ಅವರಿಗೆ ಜಾಗ ಗೊತ್ತು, ಸಂಘ ಗೊತ್ತು, ಯಾರು ಪದ್ಯ ಹೇಳುತ್ತಾರೆ ಅಂತ ಪೋಸ್ಟರ್ ಬರುವ ಮೊದಲೇ ಗೊತ್ತು. ಅವರಿಗೆ ಬೇಕಾದ್ದು ನೆನಪು ಮಾತ್ರ. ಆದರೆ ಕುಮಟೆಯ ಗ್ರೂಪಿಗೆ, ಬೆಂಗಳೂರಿನಲ್ಲಿರುವ ಊರವರ ಗ್ರೂಪಿಗೆ ಹೋದ ಕೂಡಲೇ ಇದು ಸೋಲುತ್ತದೆ. ನಿಂತ ಪೋಸ್ಟರ್ ಫೋನಿನ ಪರದೆಯಲ್ಲಿ ಅಂಗೈಯಷ್ಟು ಆಗುತ್ತದೆ, ಅತಿಥಿಗಳ ಮುಖ ಕಾಣುತ್ತದೆ, ಸಮಯ ಕಾಣುವುದಿಲ್ಲ. ಇನ್‌ಸ್ಟಾಗ್ರಾಮ್ ಉದ್ದದ ಚಿತ್ರವನ್ನು ಕತ್ತರಿಸುತ್ತದೆ. ಕತ್ತರಿ ಬೀಳುವುದು ಮೇಲೆ ಮತ್ತು ಕೆಳಗೆ. ಮೇಲೆ ದೇವರ ಹೆಸರು, ಕೆಳಗೆ 'ಪ್ರವೇಶ ಉಚಿತ'. ಮತ್ತೆ, ಮೂರು ದಿನ ಬಿಟ್ಟು ಯಾರಾದರೂ ಗ್ರೂಪಿನಲ್ಲಿ 'ಕೃಷ್ಣಾರ್ಜುನ' ಅಂತ ಹುಡುಕಿದರೆ ಚಿತ್ರದೊಳಗಿನ ಅಕ್ಷರ ಸಿಗುವುದನ್ನು ನಂಬುವಂತಿಲ್ಲ.

ವಾಟ್ಸಾಪ್ ಸ್ಟೇಟಸ್ಸಿಗೆ ಮಾತ್ರ ನಾನು ಇದನ್ನು ಒಪ್ಪುತ್ತೇನೆ. ಅದು ಹೇಗೂ 24 ಗಂಟೆಗೆ ಹೋಗುತ್ತದೆ. ಅಲ್ಲೂ ಒಂದೇ ಒಂದು ಸಾಲು ಸೇರಿಸಿ: 'ಶನಿವಾರ 24, ರಾತ್ರಿ 7.30, ಮೇಲಿನಕೇರಿ'.

ಪೋಸ್ಟರ್ ಪೂರ್ತಿ ಟೈಪ್ ಮಾಡುವುದು

ಇದನ್ನು ಕೇಳುವವರು ಸಾಮಾನ್ಯವಾಗಿ ಸಂಘದ ಹಿರಿಯರು. "ಒಬ್ಬರ ಹೆಸರೂ ಬಿಡಬೇಡ" ಅನ್ನುತ್ತಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ಸನ್ಮಾನ ಆಗುವವರ ಹೆಸರು, ದುಡ್ಡು ಕೊಟ್ಟವರ ಹೆಸರು, ಚಂಡೆಯವರ ಹೆಸರು ಎಲ್ಲೋ ಒಂದು ಕಡೆ ಅಕ್ಷರದಲ್ಲಿ ಇರಬೇಕು. ಮುಂದೆ ಯಾರಾದರೂ ಆ ಸಂಘದ ಹಳೆಯ ಆಟಗಳನ್ನು ಹುಡುಕಿದರೆ ಇದೇ ದಾಖಲೆ.

ಆದರೆ ಕರೆಯುವುದಕ್ಕೆ ಇದು ಅಷ್ಟು ಒಳ್ಳೆಯ ದಾರಿ ಅಲ್ಲ. ಪೋಸ್ಟರಿನ ಕ್ರಮದಲ್ಲೇ ಟೈಪ್ ಮಾಡಿದರೆ ದೇವರ ಹೆಸರು, ಸಂಘ, ಅಧ್ಯಕ್ಷತೆ, ಉದ್ಘಾಟನೆ, ಅತಿಥಿಗಳು ಎಲ್ಲ ದಾಟಿದ ಮೇಲೆ ಆಟ ಬರುತ್ತದೆ. ಅಷ್ಟರಲ್ಲಿ ವಾಟ್ಸಾಪ್ 'ಇನ್ನಷ್ಟು ಓದಿ' ಅಂತ ಮಡಚಿಬಿಟ್ಟಿರುತ್ತದೆ. ಗೋಡೆಯ ಮುಂದೆ ನಿಂತವನಿಗೆ ಕಣ್ಣು ಎಲ್ಲಿ ಬೇಕಾದರೂ ಹೋಗುತ್ತದೆ, ದೊಡ್ಡ ಅಕ್ಷರ ಮೊದಲು ಕಾಣುತ್ತದೆ. ಟೈಪ್ ಮಾಡಿದ್ದರಲ್ಲಿ ದೊಡ್ಡದು ಸಣ್ಣದು ಇಲ್ಲ, ಮೇಲಿನಿಂದ ಕೆಳಗೆ ಓದಲೇಬೇಕು.

ನನ್ನ ಅಭಿಪ್ರಾಯ ಹೀಗೆ. ಪೂರ್ತಿ ಪಟ್ಟಿ ಬೇಕೇ ಬೇಕು ಅಂದರೆ ಅದನ್ನು ಫೇಸ್‌ಬುಕ್ ಪೋಸ್ಟಿನ ಮೊದಲ ಕಾಮೆಂಟಾಗಿ ಹಾಕಿ. ವಾಟ್ಸಾಪಿನಲ್ಲಾದರೆ ಎರಡನೇ ಮೆಸೇಜಾಗಿ ಕಳಿಸಿ. ಹಿರಿಯರಿಗೂ ಸಮಾಧಾನ, ಓದುವವರಿಗೂ ಅನುಕೂಲ. ಮೊಬೈಲ್ ನಂಬರ್ ಟೈಪ್ ಮಾಡುವ ಮೊದಲು ಮಾತ್ರ ಆ ವ್ಯಕ್ತಿಯನ್ನು ಒಂದು ಮಾತು ಕೇಳಿ. ಊರಿನ ಗೋಡೆಯ ಮೇಲೆ ನಂಬರ್ ಇರುವುದು ಬೇರೆ, ಯಾರು ಬೇಕಾದರೂ ಕಾಪಿ ಮಾಡುವಂತೆ ಫೇಸ್‌ಬುಕ್ಕಿನಲ್ಲಿ ಇರುವುದು ಬೇರೆ.

ಚಿಕ್ಕ ಪ್ರಕಟಣೆ

ಒಂದೇ ಒಂದು ಬರೆಯಲು ಸಮಯ ಇದ್ದರೆ ಇದನ್ನೇ ಬರೆಯಿರಿ. ಆರು ಸಂಗತಿ, ಒಂದೊಂದಕ್ಕೆ ಒಂದು ಸಾಲು, ಬಣ್ಣ ಬೇಡ.

> *ಮೇಲಿನಕೇರಿಯಲ್ಲಿ ಯಕ್ಷಗಾನ: ಕೃಷ್ಣಾರ್ಜುನ ಕಾಳಗ*
> ಶನಿವಾರ, ಜನವರಿ 24, 2026
> ರಾತ್ರಿ 7.30ರಿಂದ ಆಟ (ಕಾಲಮಿತಿ)
> ಸಂಜೆ 5ಕ್ಕೆ ಸಂಘದ ವಾರ್ಷಿಕೋತ್ಸವದ ಸಭೆ, ಸನ್ಮಾನ
> ದೇವಸ್ಥಾನದ ಬಯಲು, ಮೇಲಿನಕೇರಿ, ಹೊನ್ನಾವರ ತಾಲೂಕು
> ಭಾಗವತರು: (ಪೋಸ್ಟರಿನಲ್ಲಿದ್ದ ಹಾಗೆ ಪೂರ್ತಿ ಹೆಸರು, ಊರು)
> ಪ್ರವೇಶ ಉಚಿತ. ಊಟದ ವ್ಯವಸ್ಥೆ ಇದೆ.

ಮೊದಲ ಸಾಲಿನ ಎರಡೂ ತುದಿಗೆ ನಕ್ಷತ್ರದ ಚಿಹ್ನೆ ಹಾಕಿದರೆ ವಾಟ್ಸಾಪಿನಲ್ಲಿ ಅದು ದಪ್ಪಗೆ ಕಾಣುತ್ತದೆ.

ಇಲ್ಲಿ ಆಟದ ಸಮಯ ಸಭೆಯ ಸಮಯಕ್ಕಿಂತ ಮೇಲೆ ಬಂದಿದೆ. ಪೋಸ್ಟರಿನಲ್ಲಿ ಅದು ಉಲ್ಟಾ ಇತ್ತು. ಪಕ್ಕದ ತಾಲೂಕಿನಿಂದ ಬರುವವರಿಗೆ ಬೇಕಾದ್ದು ಆಟ. '5 ಗಂಟೆಗೆ' ಅಂತ ಮೊದಲು ಕಂಡರೆ ಅವರು 5ಕ್ಕೇ ಬಂದು, ಎರಡೂವರೆ ಗಂಟೆ ಭಾಷಣ ಕೇಳಿ, ಮುಂದಿನ ಸಲ ಬರುವುದಿಲ್ಲ. ಸಭೆಯ ಸಮಯವನ್ನು ಬಿಟ್ಟೇಬಿಡುವುದೂ ಸರಿಯಲ್ಲ. ಸನ್ಮಾನಕ್ಕೆ ಅಂತಲೇ ಬರುವ ನೆಂಟರಿದ್ದಾರೆ, ಖಾಲಿ ಕುರ್ಚಿಗಳ ಮುಂದೆ ಸಭೆ ಮಾಡುವುದೂ ಚಂದವಲ್ಲ.

'ನಾಳೆ', 'ಇಂದು', 'ಈ ಶನಿವಾರ' ಅನ್ನುವ ಮಾತುಗಳನ್ನು ಪ್ರಕಟಣೆಯಲ್ಲಿ ಬಳಸಬೇಡಿ. ಫಾರ್ವರ್ಡ್ ಆದ ಮೆಸೇಜು ಯಾವಾಗ ಯಾರ ಕೈಗೆ ಸಿಗುತ್ತದೆ ಅಂತ ಹೇಳಲಾಗುವುದಿಲ್ಲ. 'ನಾಳೆ ಆಟ' ಅಂತ ಶುಕ್ರವಾರ ಬರೆದದ್ದನ್ನು ಶನಿವಾರ ಓದಿದವರು ಭಾನುವಾರ ಬಯಲಿಗೆ ಬಂದು ಚಪ್ಪರ ಬಿಚ್ಚುವವರನ್ನು ನೋಡುತ್ತಾರೆ. ತಾಲೂಕಿನ ಹೆಸರೂ ಅದೇ ಕಾರಣಕ್ಕೆ. ಪೋಸ್ಟರಿನಲ್ಲಿ ತಾಲೂಕು ಇರುವುದಿಲ್ಲ, ಯಾಕೆಂದರೆ ಅಂಟಿಸುವುದು ಸುತ್ತಮುತ್ತಲೇ. ಫೋನಿನಲ್ಲಿ ಅದು ಶಿರಸಿ, ಯಲ್ಲಾಪುರ ಎಲ್ಲ ದಾಟುತ್ತದೆ. ಹೊಸೂರು ಅಂತಲೋ ಹಳದೀಪುರದ ಕೇರಿ ಅಂತಲೋ ಬರೆದರೆ ಘಟ್ಟದ ಮೇಲಿನವರಿಗೆ ಯಾವುದು ಅಂತ ತಿಳಿಯುವುದಿಲ್ಲ.

ಕಲಾವಿದರ ಹೆಸರು ಎಷ್ಟು ಹಾಕಬೇಕು ಅನ್ನುವುದೇ ಚಿಕ್ಕ ಪ್ರಕಟಣೆಯ ಕಷ್ಟದ ಜಾಗ. ಮೂವರನ್ನು ಹಾಕಿ 'ಮುಂತಾದವರು' ಅಂದರೆ ನಾಲ್ಕನೆಯವರಿಗೆ ಬೇಜಾರು. ಎಲ್ಲರನ್ನೂ ಹಾಕಿದರೆ ಚಿಕ್ಕದಾಗಿ ಉಳಿಯುವುದಿಲ್ಲ. ನನಗೆ ಸರಿ ಅನ್ನಿಸುವುದು ಒಂದು ನಿಯಮ ಇಟ್ಟುಕೊಂಡು ಪ್ರತಿ ಸಲವೂ ಅದನ್ನೇ ನಡೆಸುವುದು. ಭಾಗವತರ ಹೆಸರು ಮಾತ್ರ, ಇಬ್ಬರಿದ್ದರೆ ಇಬ್ಬರದ್ದೂ. ಉಳಿದವರು ಪೂರ್ತಿ ಪಟ್ಟಿಯಲ್ಲಿ. ನಿಯಮ ಇದೆ ಅಂತ ಗೊತ್ತಾದರೆ ಯಾರೂ ಮುಖ ಗಂಟಿಕ್ಕುವುದಿಲ್ಲ. ಹೆಸರಾಂತ ಅತಿಥಿ ಕಲಾವಿದರೊಬ್ಬರು ಬರುತ್ತಿದ್ದರೆ, ಅವರಿಗಾಗಿಯೇ ಜನ ಬರುವಂತಿದ್ದರೆ, ಅವರದ್ದೂ ಒಂದು ಸಾಲು ಇರಲಿ. ಆದರೆ ಅವರ ಹೆಸರಿನ ಮುಂದೆ 'ಅರ್ಜುನ' ಅಂತ ನೀವೇ ಪಾತ್ರ ಹಂಚಬೇಡಿ. ಪೋಸ್ಟರಿನಲ್ಲಿ ಮುಮ್ಮೇಳ ಅಂತ ಬರೀ ಹೆಸರಿದ್ದರೆ ಯಾರಿಗೆ ಯಾವ ವೇಷ ಅಂತ ಚೌಕಿಯಲ್ಲಿ ಬಣ್ಣ ಹಚ್ಚುವವರೆಗೂ ಬದಲಾಗಬಹುದು.

ಇದೇ ಬರಹ ಸ್ವಲ್ಪ ರೂಪ ಬದಲಿಸಿಕೊಂಡರೆ ಪತ್ರಿಕೆಗೂ ಆಗುತ್ತದೆ. ಸ್ಥಳೀಯ ಪುಟದಲ್ಲಿ ಜಾಗ ಕಡಿಮೆ. ಸಾಲು ಸಾಲಾಗಿ ಕೊಟ್ಟರೆ ಅವರು ಮತ್ತೆ ವಾಕ್ಯ ಮಾಡಬೇಕು, ಅಲ್ಲೇ ತಪ್ಪು ನುಸುಳುತ್ತದೆ. ನೀವೇ ವಾಕ್ಯ ಮಾಡಿ ಕೊಡಿ:

> ಹೊನ್ನಾವರ: ತಾಲೂಕಿನ ಮೇಲಿನಕೇರಿಯ ದೇವಸ್ಥಾನದ ಬಯಲಿನಲ್ಲಿ ಜ.24ರ ಶನಿವಾರ ಯಕ್ಷಗಾನ ಸಂಘದ ವಾರ್ಷಿಕೋತ್ಸವ ನಡೆಯಲಿದೆ. ಸಂಜೆ 5ಕ್ಕೆ ಸಭಾ ಕಾರ್ಯಕ್ರಮ ಹಾಗೂ ಸನ್ಮಾನ, ರಾತ್ರಿ 7.30ಕ್ಕೆ 'ಕೃಷ್ಣಾರ್ಜುನ ಕಾಳಗ' ಪ್ರಸಂಗದ ಕಾಲಮಿತಿ ಯಕ್ಷಗಾನ ಪ್ರದರ್ಶನ ಇದೆ. ಪ್ರವೇಶ ಉಚಿತ ಎಂದು ಸಂಘದ ಪದಾಧಿಕಾರಿಗಳು ತಿಳಿಸಿದ್ದಾರೆ.

'ಅದ್ದೂರಿ', 'ವಿಜೃಂಭಣೆಯ', 'ಐತಿಹಾಸಿಕ' ಇವನ್ನು ಹಾಕಿದರೆ ಪತ್ರಿಕೆಯವರು ಹೊಡೆದು ಹಾಕುತ್ತಾರೆ. ರಿಕ್ಷಾದಲ್ಲಿ ಮೈಕ್ ಕಟ್ಟಿ ಅನೌನ್ಸ್ ಮಾಡಿಸುವುದಾದರೂ ಇದೇ ಬರಹ ಸಾಕು. ಅಲ್ಲಿ ಊರು ಮತ್ತು ಸಮಯವನ್ನು ಕೊನೆಯಲ್ಲಿ ಮತ್ತೊಮ್ಮೆ ಹೇಳಿಸಿ, ಏಕೆಂದರೆ ರಿಕ್ಷಾ ಮುಂದೆ ಹೋಗುತ್ತಿರುವಾಗ ಕೇಳುವವರಿಗೆ ಸಿಗುವುದು ಅರ್ಧ ಮಾತು.

ಓದಿದವರನ್ನು ನಿಲ್ಲಿಸುವ ಕ್ಯಾಪ್ಷನ್

ಇನ್‌ಸ್ಟಾಗ್ರಾಮ್, ಫೇಸ್‌ಬುಕ್ಕಿನಲ್ಲಿ ಜನ ಬೆರಳಿನಿಂದ ತಳ್ಳುತ್ತಾ ಹೋಗುತ್ತಾರೆ. ಯಕ್ಷಗಾನಕ್ಕೆ ಹೋಗಬೇಕು ಅಂತ ಹುಡುಕುತ್ತಿರುವವರು ಅವರಲ್ಲ. ಅವರಿಗೆ ಪ್ರಕಟಣೆ ಸರ್ಕಾರಿ ನೋಟಿಸಿನ ಹಾಗೆ ಕಾಣುತ್ತದೆ. ಇಲ್ಲಿ ಕ್ಯಾಪ್ಷನ್ ಬೇಕು.

ಬಹಳಷ್ಟು ಕ್ಯಾಪ್ಷನ್‌ಗಳು ಸೋಲುವುದು ಎಲ್ಲಿ ಅಂದರೆ, ಯಾವ ಆಟಕ್ಕೆ ಬೇಕಾದರೂ ಅಂಟಿಸಬಹುದಾದ ಮಾತನ್ನು ಬರೆಯುವುದರಲ್ಲಿ. 'ನಮ್ಮ ಕಲೆ ನಮ್ಮ ಹೆಮ್ಮೆ', 'ಚಂಡೆಯ ಸದ್ದಿಗೆ ಕುಣಿಯೋಣ ಬನ್ನಿ'. ಇದು ಪೋಸ್ಟರಿನಿಂದ ಬಂದ ಮಾತಲ್ಲ. ಪೋಸ್ಟರಿನಲ್ಲಿ ಪ್ರಸಂಗದ ಹೆಸರಿದೆ, ಅದರೊಳಗೆ ಕಥೆ ಇದೆ. ಗಯ ಎಂಬ ಗಂಧರ್ವ ಆಕಾಶದಲ್ಲಿ ಹೋಗುವಾಗ ಉಗುಳಿದ್ದು ಕೃಷ್ಣನ ಕೈಮೇಲೆ ಬೀಳುತ್ತದೆ. ಅವನನ್ನು ಕೊಲ್ಲುತ್ತೇನೆ ಅಂತ ಕೃಷ್ಣನ ಶಪಥ. ಸಂಗತಿ ಗೊತ್ತಿಲ್ಲದೆ ಅರ್ಜುನ ಗಯನಿಗೆ ಅಭಯ ಕೊಟ್ಟುಬಿಡುತ್ತಾನೆ. ಇನ್ನು ಇಬ್ಬರೂ ಕಾದಾಡಲೇಬೇಕು. ಸುಭದ್ರೆಯ ಅಣ್ಣ ಒಬ್ಬ, ಗಂಡ ಇನ್ನೊಬ್ಬ. 'ಭಾವ' ಅಂತ ಕರೆದುಕೊಳ್ಳುವವರು. ನಮ್ಮ ಕಡೆ ದಿನಕ್ಕೆ ನೂರು ಸಲ ಬಾಯಲ್ಲಿ ಬರುವ ಮಾತು ಅದು. ಕ್ಯಾಪ್ಷನ್ ಅಲ್ಲೇ ಕುಳಿತಿದೆ.

> ಭಾವ-ಭಾವಂದಿರೇ ಯುದ್ಧಕ್ಕೆ ನಿಂತರೆ ಬಿಡಿಸುವವರು ಯಾರು?
> ಶನಿವಾರ, ಜನವರಿ 24, ರಾತ್ರಿ 7.30, ಮೇಲಿನಕೇರಿ (ಹೊನ್ನಾವರ ತಾ.)
>
> ಗಯನನ್ನು ಕೊಲ್ಲುತ್ತೇನೆ ಅಂತ ಕೃಷ್ಣನ ಹಟ. ಕಾಯುತ್ತೇನೆ ಅಂತ ಅರ್ಜುನ ಮಾತು ಕೊಟ್ಟಾಗಿದೆ. ನಡುವೆ ಸುಭದ್ರೆ.
> ಕೃಷ್ಣಾರ್ಜುನ ಕಾಳಗ, ಕಾಲಮಿತಿ ಯಕ್ಷಗಾನ. ದೇವಸ್ಥಾನದ ಬಯಲು. ಪ್ರವೇಶ ಉಚಿತ, ಊಟ ಇದೆ.
> ಕಲಾವಿದರ ಪೂರ್ತಿ ಪಟ್ಟಿ ಮೊದಲ ಕಾಮೆಂಟಿನಲ್ಲಿ.
> #ಯಕ್ಷಗಾನ #Yakshagana #Honnavar

ಇನ್‌ಸ್ಟಾಗ್ರಾಮಿನಲ್ಲಿ ಮುಚ್ಚದೆ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಒಟ್ಟು 2200 ಅಕ್ಷರದವರೆಗೆ ಬರೆಯಬಹುದು ಅಂತಿದ್ದರೂ ಯಾರೂ ಅಲ್ಲಿಯವರೆಗೆ ಹೋಗುವುದಿಲ್ಲ. ಅದಕ್ಕೇ ಪ್ರಶ್ನೆ ಮೊದಲ ಸಾಲಿಗೆ, ದಿನ-ಸಮಯ-ಊರು ಎರಡನೇ ಸಾಲಿಗೆ. ಪೂರ್ತಿ ತೆರೆಯದವನಿಗೂ ಅಷ್ಟು ಸಿಗುತ್ತದೆ. ಜಾಗದ ಮ್ಯಾಪಿನ ಲಿಂಕನ್ನು ಇನ್‌ಸ್ಟಾಗ್ರಾಮ್ ಕ್ಯಾಪ್ಷನ್ನಿನಲ್ಲಿ ಹಾಕಿ ಪ್ರಯೋಜನ ಇಲ್ಲ, ಅಲ್ಲಿ ಅದು ಒತ್ತಿದರೆ ತೆರೆಯುವುದಿಲ್ಲ. ಫೇಸ್‌ಬುಕ್, ವಾಟ್ಸಾಪಿನಲ್ಲಿ ತೆರೆಯುತ್ತದೆ, ಅಲ್ಲಿ ಹಾಕಿ.

ಕ್ಯಾಪ್ಷನ್ನಿನ ಅಪಾಯವೂ ಇಲ್ಲೇ ಇದೆ. ಕಥೆ ತಪ್ಪು ಹೇಳಿದರೆ ಕಾಮೆಂಟಿನಲ್ಲಿ ಊರ ಹಿರಿಯರು ಬಿಡುವುದಿಲ್ಲ. ಪ್ರಸಂಗ ಗೊತ್ತಿಲ್ಲದಿದ್ದರೆ ಭಾಗವತರನ್ನೋ ಸಂಘದ ಹಿರಿಯರನ್ನೋ "ಈ ಪ್ರಸಂಗದಲ್ಲಿ ಜಗಳ ಯಾರಿಗೆ ಯಾರಿಗೆ, ಯಾಕೆ?" ಅಂತ ಕೇಳಿ. ಎರಡು ನಿಮಿಷದಲ್ಲಿ ನಿಮಗೆ ಬೇಕಾದ ಸಾಲು ಸಿಗುತ್ತದೆ. ಅಂತ್ಯ ಮಾತ್ರ ಹೇಳಬೇಡಿ. ಪ್ರಸಂಗ ಗೊತ್ತಿದ್ದವರಿಗೆ ಬೇಡ, ಗೊತ್ತಿಲ್ಲದವರು ನೋಡಲು ಬರಲಿ. ಚಿತ್ರಕ್ಕೆ ಬೇರೆ ಮೇಳದ ವೇಷದ ಫೋಟೋವನ್ನು ಎಲ್ಲಿಂದಲೋ ತಂದು ಹಾಕುವುದೂ ಬೇಡ. ಆ ಕಲಾವಿದರು ಬರುತ್ತಾರೆ ಅಂತಲೇ ಜನ ತಿಳಿದುಕೊಳ್ಳುತ್ತಾರೆ.

ಯಾರಿಗೆ ಯಾವುದು

ಸಮಯ ಬಹಳ ಕಡಿಮೆ, ನಾಡಿದ್ದೇ ಆಟ ಅಂದರೆ ಫೋಟೋ ಜೊತೆ ಚಿಕ್ಕ ಪ್ರಕಟಣೆ, ಅಷ್ಟೇ. ಅದನ್ನು ಅಕ್ಕಪಕ್ಕದ ಊರುಗಳ ಗ್ರೂಪಿಗೆ ಕಳಿಸಿ. ಒಂದು ಸಲಕ್ಕೆ ವಾಟ್ಸಾಪಿನಲ್ಲಿ ಐದು ಕಡೆಗೆ ಮಾತ್ರ ಫಾರ್ವರ್ಡ್ ಆಗುತ್ತದೆ. ಬಹಳ ಸಲ ಕೈ ಬದಲಾದ ಮೆಸೇಜಾದರೆ ಒಂದೊಂದೇ ಕಡೆಗೆ. ಹಾಗಾಗಿ ನಾಲ್ಕೈದು ಜನ ಹಂಚಿಕೊಂಡು ಬೇರೆ ಬೇರೆಯಾಗಿ ಕಳಿಸಿದರೆ ಬೇಗ ಮುಟ್ಟುತ್ತದೆ.

ಎರಡು ವಾರ ಕೈಯಲ್ಲಿದೆ ಅಂದರೆ ಪ್ರಕಟಣೆಯನ್ನು ಮೊದಲು ಬರೆದು ಸಂಘದವರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ಆಮೇಲೆ ಅದರಿಂದಲೇ ಕ್ಯಾಪ್ಷನ್ ಮಾಡಿ. ಉಲ್ಟಾ ಮಾಡಬೇಡಿ. ಕ್ಯಾಪ್ಷನ್ ಬರೆಯುವ ಉತ್ಸಾಹದಲ್ಲಿ ಸಮಯ, ಜಾಗ ಬಿಟ್ಟುಹೋಗುವುದು ಬಹಳ ಸುಲಭ. ಪ್ರಕಟಣೆ ಪಕ್ಕದಲ್ಲಿದ್ದರೆ ಬಿಡುವುದಿಲ್ಲ.

ಸ್ವಲ್ಪ ದುಡ್ಡೂ ಇದೆ ಅಂತಾದರೆ ಫೇಸ್‌ಬುಕ್ಕಿನಲ್ಲಿ ಪೋಸ್ಟನ್ನು ಬೂಸ್ಟ್ ಮಾಡಬಹುದು, ಹೊನ್ನಾವರ-ಕುಮಟಾ-ಭಟ್ಕಳ ಸುತ್ತ ಇಷ್ಟು ಕಿಲೋಮೀಟರ್ ಅಂತ ಜಾಗ ಆರಿಸಬಹುದು. ಅದಕ್ಕೆ ಪೋಸ್ಟರಿನ ಮಸುಕು ಫೋಟೋ ಬಳಸಬೇಡಿ. ಪೋಸ್ಟರ್ ಮಾಡಿದ ಪ್ರೆಸ್ಸಿನಲ್ಲಿ ಫೈಲ್ ಕೇಳಿದರೆ ಕೊಡುತ್ತಾರೆ, ಅದರಿಂದ ಪ್ರಸಂಗ, ದಿನ, ಊರು ಮಾತ್ರ ಇರುವ ಚಿಕ್ಕ ಚಿತ್ರ ಮಾಡಿಸಿ. ದುಡ್ಡು ಇಲ್ಲದಿದ್ದರೆ ಚಿಂತೆ ಬೇಡ. ಹಳ್ಳಿಯ ಆಟಕ್ಕೆ ಬೂಸ್ಟಿಗಿಂತ ಭಾಗವತರು ತಮ್ಮ ಪುಟದಲ್ಲಿ ಒಮ್ಮೆ ಹಂಚಿದರೆ ಜಾಸ್ತಿ ಕೆಲಸ ಆಗುತ್ತದೆ.

ಕಾರವಾರದಲ್ಲಿ ಕಾರ್ಯಕ್ರಮವಾದರೆ ಭಾಷೆಯ ಲೆಕ್ಕ ಬೇರೆ. ಅಲ್ಲಿ ಮನೆಮಾತು ಕೊಂಕಣಿ ಇರುವವರು ಬಹಳ. ಪ್ರಕಟಣೆ ಕನ್ನಡದಲ್ಲೇ ಇರಲಿ, ಎರಡು ಭಾಷೆ ಬೆರೆಸಿ ಉದ್ದ ಮಾಡುವುದು ಬೇಡ. ಕ್ಯಾಪ್ಷನ್ನಿನ ಮೊದಲ ಸಾಲನ್ನು ಮಾತ್ರ ಕೊಂಕಣಿ ಮಾತಾಡುವವರೊಬ್ಬರಿಂದ ಹೇಳಿಸಿ, ಕನ್ನಡ ಲಿಪಿಯಲ್ಲಿ ಬರೆದರೆ ಚೆನ್ನ. ನೀವೇ ಅಂದಾಜಿಗೆ ಕೊಂಕಣಿ ಬರೆಯಲು ಹೋಗಬೇಡಿ. ಶಿರಸಿ, ಸಿದ್ದಾಪುರದ ಕಡೆ ಹವ್ಯಕ ಮಾತಿನ ಸಾಲು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಊರಿನ ಗ್ರೂಪಿಗೆ ಚಂದ. ಆದರೆ ಸಂಘ ಎಲ್ಲರದ್ದೂ ಆಗಿದ್ದರೆ ಎಲ್ಲರ ಕನ್ನಡದಲ್ಲೇ ಬರೆಯಿರಿ.

ತಾರೀಕು ಬದಲಾದರೆ ಏನು ಮಾಡಬೇಕು ಅಂತಲೂ ಮೊದಲೇ ಯೋಚಿಸಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮಿನಲ್ಲಿ ಕ್ಯಾಪ್ಷನ್ ಯಾವಾಗ ಬೇಕಾದರೂ ತಿದ್ದಬಹುದು. ಚಿತ್ರದೊಳಗಿನ ತಾರೀಕು ಹಳೆಯದೇ ಇರುತ್ತದೆ, ಅದಕ್ಕೆ ಮೊದಲ ಸಾಲಿನಲ್ಲೇ ಹೇಳಬೇಕು. ವಾಟ್ಸಾಪಿನಲ್ಲಿ ಕಳಿಸಿದ 15 ನಿಮಿಷದೊಳಗೆ ಮಾತ್ರ ತಿದ್ದಲು ಸಾಧ್ಯ, ಆಗಲೇ ಫಾರ್ವರ್ಡ್ ಆದದ್ದಕ್ಕೆ ಆ ತಿದ್ದುಪಡಿ ಮುಟ್ಟುವುದಿಲ್ಲ. ಹೊಸ ಮೆಸೇಜನ್ನೇ, ಮೊದಲು ಕಳಿಸಿದ ಎಲ್ಲ ಕಡೆಗೂ ಕಳಿಸಬೇಕು. ಅದರಲ್ಲಿ 'ಕಾರ್ಯಕ್ರಮ ಮುಂದೂಡಲಾಗಿದೆ' ಅಂತಷ್ಟೇ ಬರೆದರೆ ಯಾವ ಕಾರ್ಯಕ್ರಮ ಅಂತ ಕೇಳಲು ಹತ್ತು ಫೋನ್ ಬರುತ್ತವೆ. ಹೀಗೆ ಬರೆಯಿರಿ:

> *ಮೇಲಿನಕೇರಿಯಲ್ಲಿ (ಹೊನ್ನಾವರ ತಾ.) ಜನವರಿ 24ರ ಶನಿವಾರ ಆಟ ಇಲ್ಲ.*
> ಅದೇ ಆಟ ಜನವರಿ 31, ಶನಿವಾರ ರಾತ್ರಿ 7.30ಕ್ಕೆ, ಅದೇ ಬಯಲಿನಲ್ಲಿ.
> ಹಳೆಯ ಪೋಸ್ಟರ್ ದಯವಿಟ್ಟು ಮುಂದೆ ಕಳಿಸಬೇಡಿ.